ಹೌದು, ಆರೇ ಸಾಲು

"ಸಾರ್, ನಿಮ್ಮ ಬಗ್ಗೆ ಬರೆದಿರೋದು ಇಷ್ಟೇನಾ? ಸ್ಟೈಲ್ ಏನು, ಏನೇನು ಮಾಡ್ತೀರ, ದೊಡ್ಡ ಕ್ಲೈಂಟ್ ಹೆಸರು ಒಂದೂ ಇಲ್ವಲ್ಲ?"

ಇಷ್ಟೇ. ನನ್ನ ಫೋಟೋಗ್ರಫಿ ವೆಬ್‌ಸೈಟಿನಲ್ಲಿ ನನ್ನ ಬಗ್ಗೆ ಇರುವುದು ಆರೇ ಸಾಲು. ಮೊದಲು ಉದ್ದ ಇತ್ತು. ಎರಡು ಪ್ಯಾರಾ ಇತ್ತು. ಅದರಿಂದ ಏನೇನಾಯಿತು ಅಂತ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ಹಳೇ ಬರಹದಲ್ಲಿ ನಾನು ಮದುವೆ, ಲ್ಯಾಂಡ್‌ಸ್ಕೇಪ್, ವನ್ಯಜೀವಿ, ಫುಡ್, ಪ್ರಾಡಕ್ಟ್, ಬೇಬಿ ಶೂಟ್ ಎಲ್ಲ ಮಾಡುವವನು. ಜೊತೆಗೆ "ಕ್ಷಣಗಳನ್ನು ಸೆರೆಹಿಡಿಯುವ ಕಲೆ" ಅಂತಲೂ ಇತ್ತು. ಕ್ಷಣ ಸೆರೆಹಿಡಿಯದ ಕ್ಯಾಮೆರಾ ಯಾವುದಪ್ಪಾ ಇದೆ? ಪಾಸ್‌ಪೋರ್ಟ್ ಫೋಟೋ ತೆಗೆಯುವವನೂ ಕ್ಷಣವನ್ನೇ ಹಿಡಿಯುತ್ತಾನೆ. ಹಾಸನದ ಸ್ಟುಡಿಯೊ ಒಂದರಲ್ಲಿ ಎರಡು ವರ್ಷ ನಾನು ಅದನ್ನೇ ಹಿಡಿದಿದ್ದೇನೆ.

ಆ ಪಟ್ಟಿ ಓದಿ ಮೂಡಿಗೆರೆ ಕಡೆಯ ಹೋಮ್‌ಸ್ಟೇಯ ಅಕ್ಕ ಒಬ್ಬರು ಫೋನ್ ಮಾಡಿದರು. "ಅಣ್ಣ, ಫುಡ್ಡೂ ಮಾಡ್ತೀರಂತಲ್ಲ, ನಮ್ಮ ಅಡುಗೆದು ತೆಗೆದುಕೊಡಿ." ಹೋದೆ. ಕಡುಬು, ಕೋಳಿ ಸಾರು, ಕಳಲೆ ಪಲ್ಯ, ಅಕ್ಕಿ ರೊಟ್ಟಿ ಎಲ್ಲ ಮಾಡಿಟ್ಟಿದ್ದರು. ಊಟದ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಒಂದು ಕಿಟಕಿ. ಕಿಟಕಿಯಿಂದ ಮೋಡದ ನೀಲಿ ಬೆಳಕು, ಮೇಲಿಂದ ಟ್ಯೂಬಿನ ಹಸಿರು ಛಾಯೆ. ಎರಡೂ ಒಂದೇ ತಟ್ಟೆಯ ಮೇಲೆ ಬಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಕಡುಬು ಬಿಳಿ ಆಯಿತು ಅಂದುಕೊಳ್ಳುವಷ್ಟರಲ್ಲಿ ಸಾರು ಪಾಚಿ ಬಣ್ಣಕ್ಕೆ ತಿರುಗುತ್ತಿತ್ತು. ಟ್ಯೂಬ್‌ಲೈಟ್ ಆರಿಸಬೇಕಿತ್ತು, ಅಷ್ಟೇ. ಅದು ಹೊಳೆಯಲಿಲ್ಲ. ಇನ್ನು ಹಬೆ. ಹಬೆ ಫೋಟೋದಲ್ಲಿ ಕಾಣಬೇಕಾದರೆ ಬೆಳಕು ಹಬೆಯ ಹಿಂದಿನಿಂದ ಬರಬೇಕು, ಅದರ ಹಿನ್ನೆಲೆ ಕಪ್ಪಗಿರಬೇಕು. ನಾನು ಬೆಳಕಿಗೆ ಬೆನ್ನು ಹಾಕಿ, ಬಿಳಿ ಗೋಡೆ ಹಿಂದಿಟ್ಟುಕೊಂಡು ನಿಂತಿದ್ದೆ. ಹಬೆಯಾಡುವ ಕಡುಬು ಫೋಟೋದಲ್ಲಿ ನಿನ್ನೆಯ ಕಡುಬಿನ ಹಾಗೆ ಕಂಡಿತು. ಅಕ್ಕ ಬೈಯಲಿಲ್ಲ. "ಊಟ ಮಾಡ್ಕೊಂಡು ಹೋಗಿ" ಅಂದರು. ಅಡ್ವಾನ್ಸ್ ವಾಪಸ್ ಕೊಟ್ಟು ಬಂದೆ. ಪಟ್ಟಿಯಲ್ಲಿ "ಫುಡ್" ಅನ್ನುವ ಒಂದು ಪದ ಇಲ್ಲದಿದ್ದರೆ ಇಬ್ಬರ ಒಂದೊಂದು ದಿನ ಉಳಿಯುತ್ತಿತ್ತು.

ಊಟ ಮಾತ್ರ ಚೆನ್ನಾಗಿತ್ತು.

ಮನೆಗೆ ಬಂದು, ನಾನು ನಿಜಕ್ಕೂ ಏನು ಮಾಡುತ್ತೇನೆ ಅಂತ ನೋಡಲು ಕೂತೆ. ವೆಬ್‌ಸೈಟಿನಲ್ಲಿದ್ದ ಇಪ್ಪತ್ನಾಲ್ಕು ಫೋಟೋಗಳನ್ನು ಪೋಸ್ಟ್‌ಕಾರ್ಡ್ ಸೈಜಿಗೆ ಪ್ರಿಂಟ್ ಹಾಕಿಸಿ ಹಜಾರದಲ್ಲಿ ಹರಡಿದೆ. ಎಣಿಸಿದೆ. ಹದಿನೇಳರಲ್ಲಿ ಮನುಷ್ಯರಿದ್ದರು. ಅದರಲ್ಲಿ ಒಂಬತ್ತರಲ್ಲಿ ಬರೀ ಕೈ, ಹಣ್ಣು ಬಿಡಿಸುವ ಕೈ, ಕಣದಲ್ಲಿ ಕಾಫಿ ಕೆದರುವ ಕೈ, ಧಾರೆ ಎರೆಯುವ ಕೈ. ಫ್ಲ್ಯಾಶ್ ಹಾಕಿದ್ದು ಒಂದೂ ಇಲ್ಲ. ಹೆಚ್ಚಿನವು 35 ಎಂಎಂ ಲೆನ್ಸಿನಲ್ಲಿ, ಮೂರ್ನಾಲ್ಕು ಅಡಿ ದೂರದಿಂದ ತೆಗೆದವು. ಬೆಟ್ಟ ಇದ್ದದ್ದು ಎರಡರಲ್ಲಿ, ಆ ಎರಡರಲ್ಲೂ ಮಂಜು ಮುಚ್ಚಿಕೊಂಡಿತ್ತು. ಲ್ಯಾಂಡ್‌ಸ್ಕೇಪ್ ಫೋಟೋಗ್ರಾಫರ್ ಅಂತೆ ನಾನು! ವನ್ಯಜೀವಿ ಅನ್ನುವುದಕ್ಕೆ ತೋಟದ ಮನೆಯ ನಾಯಿ ಇತ್ತು.

ಸ್ಟೈಲ್ ಅಂದರೆ ನನ್ನ ಮಟ್ಟಿಗೆ ಆ ಎಣಿಕೆ. ಇದ್ದ ಬೆಳಕಲ್ಲಿ, ಹತ್ತಿರ ನಿಂತು, ಕೈ ಮತ್ತು ಮುಖ. ಓದಿದವರಿಗೆ ಬೇಕೋ ಬೇಡವೋ ಆಗಲೇ ಗೊತ್ತಾಗುತ್ತದೆ. ರಾತ್ರಿ ರಿಸೆಪ್ಷನ್‌ಗೆ ಫಳಫಳ ಹೊಳೆಯುವ ಫೋಟೋ ಬೇಕಾದವರು ಅಲ್ಲೇ ಬಿಟ್ಟುಹೋಗುತ್ತಾರೆ. ಹೋಗಲಿ, ಪಾಪ, ಅವರಿಗೂ ಒಳ್ಳೇದು.

ಇನ್ನು ದೊಡ್ಡ ಹೆಸರುಗಳ ವಿಷಯ. ಇದನ್ನು ಕೇಳುವ ರೀತಿಯೇ ನನಗೆ ಸಿಟ್ಟು ತರಿಸುತ್ತದೆ, "ಅಂಥಾ ದೊಡ್ಡವರು ಯಾರೂ ಸಿಕ್ಕಿಲ್ವೇನೋ" ಅನ್ನುವ ಧಾಟಿ. ಸಿಕ್ಕಿದ್ದರು. ಒಂದು ಕಾಫಿ ಕಂಪನಿಗೆ ಎರಡು ದಿನ ತೋಟದಲ್ಲಿ ಕೆಲಸ ಮಾಡಿದೆ. ಕೂಡಲೇ ಕಂಪನಿಯ ಲೋಗೊ ಸಮೇತ ಹೆಸರು ಹಾಕಿಕೊಂಡೆ, ಎಂಟು ಫೋಟೋನೂ ಏರಿಸಿದೆ. ವಾರಕ್ಕೆ ಬೆಂಗಳೂರಿನ ಏಜೆನ್ಸಿಯಿಂದ ಫೋನ್. ಅವರ ಜಾಹೀರಾತು ಇನ್ನೂ ಬಂದೇ ಇರಲಿಲ್ಲ, ಫೋಟೋ ಮಾತ್ರ ನನ್ನ ವೆಬ್‌ಸೈಟಿನಲ್ಲಿ ಕೂತಿತ್ತು. "ನಿಮ್ಮ ಕ್ಲೈಂಟ್ ನಾವು, ಅವರಲ್ಲ. ಬಿಲ್ ಯಾರ ಹೆಸರಿಗೆ ಬರೆದಿದ್ದೀರ ನೋಡಿ" ಅಂದರು. ನೋಡಿದೆ. ಏಜೆನ್ಸಿ ಹೆಸರಿಗೇ ಇತ್ತು.

"ಫೋಟೋ ತೆಗೆದಿದ್ದು ನಾನು ತಾನೆ?" ಅಂತ ವಾದಕ್ಕಿಳಿದೆ. ಪರಿಚಯದ ವಕೀಲರೊಬ್ಬರು ತಣ್ಣೀರು ಎರಚಿದರು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ನಿನ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಥರ ಒಪ್ಪಂದ ಆಗಿರದಿದ್ದರೆ. ನನ್ನ ಹತ್ತಿರ ಒಪ್ಪಂದ ಎಲ್ಲಿಂದ ಬರಬೇಕು? ವಾಟ್ಸಾಪಿನಲ್ಲಿ ಒಂದು ರೇಟು, ಒಂದು ಹೆಬ್ಬೆರಳು, ಅಷ್ಟೇ. ಸುಮ್ನೆ ತೆಗೆದುಹಾಕಿದೆ. ಮದುವೆ ಫೋಟೋಗೂ ಇದೇ ಲೆಕ್ಕ ಅಂತ ಗೊತ್ತಾದ ದಿನ ನಿದ್ದೆ ಬರಲಿಲ್ಲ.

ಈಗ ಕೊಟೇಶನ್ನಿನಲ್ಲೇ ಒಂದು ಸಾಲು ಇರುತ್ತದೆ: "ಫೋಟೋ ಕೊಟ್ಟ ಮೂರು ತಿಂಗಳ ನಂತರ, ಇಬ್ಬರೂ ಸೇರಿ ಆರಿಸಿದ ಹತ್ತು ಫೋಟೋಗಳನ್ನೂ ನಿಮ್ಮ ಹೆಸರನ್ನೂ ನನ್ನ ಪೋರ್ಟ್‌ಫೋಲಿಯೊದಲ್ಲಿ ಬಳಸಲು ಒಪ್ಪಿಗೆ ಇದೆ / ಇಲ್ಲ." ಒಂದನ್ನು ಹೊಡೆದುಹಾಕಿ ಸಹಿ ಮಾಡುತ್ತಾರೆ. ಎಸ್ಟೇಟಿನವರು ಸಾಮಾನ್ಯವಾಗಿ "ಇದೆ" ಉಳಿಸುತ್ತಾರೆ. ಮದುವೆಯವರಲ್ಲಿ ಜಾಸ್ತಿ ಜನ "ಇಲ್ಲ" ಉಳಿಸುತ್ತಾರೆ. ಕೇಳದೇ ಹಾಕಿದ್ದೆನಲ್ಲ ಇಷ್ಟು ವರ್ಷ, ಅಂತ ಆಗ ನಾಚಿಕೆಯಾಗುತ್ತದೆ.

ಹೆಸರು ಕೇಳುವವರು ಒಂದು ವಿಷಯ ಮಾತ್ರ ಯಾವತ್ತೂ ಕೇಳುವುದಿಲ್ಲ. ವೆಬ್‌ಸೈಟಿನ ಮೊದಲ ಫೋಟೋದಲ್ಲಿರುವ ಕೈ ಯಾರದು ಅಂತ. ಬೀಜ ಆರಿಸುವ ಮೇಜಿನ ಮೇಲೆ ಎರಡು ಕೈ, ತೋರುಬೆರಳಿನ ತುದಿ ಸವೆದು ನುಣ್ಣಗಾಗಿದೆ, ಬಳೆ ಮೇಲೆ ಕಾಫಿ ಹೊಟ್ಟಿನ ಪುಡಿ. ಕಪ್ಪು ಬೀಜ, ಒಡೆದ ಬೀಜ ಕಣ್ಣಿಗೆ ಬೀಳುವ ಮೊದಲೇ ಆ ಬೆರಳು ಪಕ್ಕಕ್ಕೆ ತಳ್ಳಿರುತ್ತದೆ. ಆಯಮ್ಮನಿಗೆ ಪ್ರಿಂಟ್ ಕೊಟ್ಟಾಗ, "ಮುಖ ಬಿಟ್ಟು ಇದನ್ಯಾಕೆ ತೆಗೆದ್ಯಪ್ಪಾ?" ಅಂದರು. ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದ ಒಳ್ಳೇ ಪ್ರಶ್ನೆ ಅದೊಂದೇ. ಉತ್ತರ ಹೇಳಲು ಬರಲಿಲ್ಲ. ಮುಖದ್ದೂ ಒಂದು ತೆಗೆದುಕೊಟ್ಟೆ. ಅವರ ಮನೆ ಗೋಡೆಯಲ್ಲಿರುವುದು ಅದು.

ಕೊನೆಗೆ "ಸ್ವಲ್ಪ ಪರ್ಸನಲ್ ಆಗಿ ಏನಾದ್ರೂ ಬರೀರಿ ಸಾರ್" ಅನ್ನುವವರಿಗೆ. ಅಪ್ಪನ ಹಳೇ ಕ್ಯಾಮೆರಾ, ಬಾಲ್ಯದ ಹುಚ್ಚು, ಇವೆಲ್ಲ ನನಗಿಲ್ಲ. ಅಪ್ಪನ ಹತ್ತಿರ ಕ್ಯಾಮೆರಾ ಇರಲಿಲ್ಲ. ನನ್ನ ಕೈಲಿ ಕೆಲಸ ಮಾಡಿಸುವವರಿಗೆ ಬೇಕಾದ ಪರ್ಸನಲ್ ವಿಷಯ ಒಂದೇ, ನಾನು ಇಲ್ಲೇ ಇದ್ದೇನೆ ಅನ್ನುವುದು. ಕಾಫಿ ಹೂವಿನ ಫೋಟೋ ಬೇಕು, ಏಪ್ರಿಲ್‌ನಲ್ಲಿ ಯಾವ ತಾರೀಖು ಬರಲಿ ಅಂತ ಜನವರಿಯಲ್ಲೇ ಕೇಳುತ್ತಾರೆ. ನನಗೇನು ಗೊತ್ತು? ಹೂ ಮಳೆ ಬೀಳಬೇಕು, ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಕಂದಿಹೋಗುತ್ತದೆ. ಪಕ್ಕದ ತೋಟಕ್ಕೆ ಬಿದ್ದ ಮಳೆ ನಿಮ್ಮ ತೋಟಕ್ಕೆ ಬಿದ್ದಿರಬೇಕು ಅಂತಲೂ ಇಲ್ಲ.

ಹಾಗಾಗಿ ಈಗ ಇರುವುದು ಇದು, ಬೇಕಾದರೆ ಎಣಿಸಿಕೊಳ್ಳಿ:

"ಚಿಕ್ಕಮಗಳೂರಿನಲ್ಲಿದ್ದೇನೆ. ಕಾಫಿ ತೋಟದ ಕೆಲಸ, ತೋಟದ ಜನ, ಚಿಕ್ಕ ಮದುವೆಗಳ ಫೋಟೋ ತೆಗೆಯುತ್ತೇನೆ. ಇದ್ದ ಬೆಳಕಲ್ಲಿ, ಹತ್ತಿರ ನಿಂತು, ಹೆಚ್ಚಾಗಿ ಕೈ ಮತ್ತು ಮುಖ. ಎಸ್ಟೇಟುಗಳಿಗೆ ನೇರವಾಗಿ, ಒಂದು ಕಾಫಿ ಕಂಪನಿಗೆ ಏಜೆನ್ಸಿ ಮೂಲಕ ಕೆಲಸ ಮಾಡಿದ್ದೇನೆ, ಒಪ್ಪಿದವರ ಹೆಸರು ಅವರವರ ಫೋಟೋದ ಕೆಳಗಿದೆ. ಊಟ-ತಿಂಡಿ ಫೋಟೋ, ಸ್ಟುಡಿಯೊ ಕೆಲಸ ಮಾಡುವುದಿಲ್ಲ. ಕಾಫಿ ಹೂ ಬೇಕಿದ್ದರೆ ತಾರೀಖು ಕೇಳಬೇಡಿ, ನಿಮ್ಮ ತೋಟಕ್ಕೆ ಮಳೆ ಬಿದ್ದ ದಿನ ಫೋನ್ ಮಾಡಿ."