30%, ಆದರೆ ಯಾವುದರಲ್ಲಿ?

ಒಂದು ಭಾನುವಾರ ಮಧ್ಯಾಹ್ನ. ಕಾರ್ಖಾನೆಯ ಎಲ್ಲ ಮೆಷಿನ್‌ಗಳೂ ನಿಂತಿದ್ದವು. ನಾನು ಕಂಪ್ರೆಸರ್ ಒಂದನ್ನೇ ಆನ್ ಮಾಡಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಗಾಳಿ ಬಳಸುವವರು ಯಾರೂ ಇಲ್ಲ. ಆದರೂ ಅದು 3 ನಿಮಿಷ ಲೋಡ್ ಆಗಿ ಗಾಳಿ ತುಂಬುತ್ತಿತ್ತು, 7 ನಿಮಿಷ ಗಾಳಿ ತುಂಬದೆ ಖಾಲಿ ಓಡುತ್ತಿತ್ತು, ಮತ್ತೆ 3 ನಿಮಿಷ ಲೋಡ್. ನಾಲ್ಕೈದು ಸುತ್ತು ನೋಡಿದೆ, ಹೆಚ್ಚು ವ್ಯತ್ಯಾಸ ಇರಲಿಲ್ಲ. 10 ನಿಮಿಷದಲ್ಲಿ 3 ನಿಮಿಷ, ಅಂದರೆ ಕಂಪ್ರೆಸರ್ ಸಾಮರ್ಥ್ಯದ 30% ಗಾಳಿ ಪೈಪು, ಕಪ್ಲಿಂಗ್‌ಗಳ ಸಂದಿಯಲ್ಲಿ ಸೋರಿ ಹೋಗುತ್ತಿತ್ತು.

ಸೋಮವಾರದ ಮೀಟಿಂಗಿಗೆ ಸ್ಲೈಡ್ ಮಾಡಿದೆ. ಸ್ಲೈಡಿನಲ್ಲಿ ಅಕ್ಷರ ಕಡಿಮೆ ಇರಬೇಕು ಅಂತ ಯಾವುದೋ ತರಬೇತಿಯಲ್ಲಿ ಕೇಳಿದ್ದೆ. ಹಾಗಾಗಿ ಕಂಪ್ರೆಸರಿನ ಫೋಟೋ, ಅದರ ಮೇಲೆ ದಪ್ಪಗೆ ‘30% ಸೋರಿಕೆ’. ಅಷ್ಟೇ. ಉಳಿದದ್ದೆಲ್ಲ ಬಾಯಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅದೇ ಸ್ಲೈಡುಗಳ ಪಿಡಿಎಫ್ ಮೀಟಿಂಗಿಗೆ ಬಂದಿರದ ಅಕೌಂಟ್ಸ್ ಹಿರಿಯರಿಗೂ ಹೋಯಿತು.

ಎರಡು ದಿನ ಬಿಟ್ಟು ಅವರ ಫೋನು. “ಏನಪ್ಪಾ, ತಿಂಗಳಿಗೆ 1,80,000 ಉಳಿಯುತ್ತಾ? ಇಷ್ಟು ದಿನ ಏನ್ ಮಾಡ್ತಿದ್ರಿ?”

ನಮ್ಮ ಕರೆಂಟ್ ಬಿಲ್ಲು ತಿಂಗಳಿಗೆ 6 ಲಕ್ಷ. ಅದರ 30% ತೆಗೆದಿದ್ದರು. ಆದರೆ ಕಂಪ್ರೆಸರಿನ ಪಾಲು 90,000 ಮಾತ್ರ. ಕೆಲಸದ ದಿನ ಅದು ಹೆಚ್ಚುಕಡಿಮೆ ಪೂರ್ತಿ ಲೋಡಿನಲ್ಲೇ ಓಡುವುದರಿಂದ ಸೋರಿಕೆಯ ಲೆಕ್ಕ ಸುಮಾರು 27,000. ಅವರದೇನೂ ತಪ್ಪಿಲ್ಲ. ‘ಯಾವುದರಲ್ಲಿ 30%’ ಅನ್ನುವುದು ನನ್ನ ಬಾಯಲ್ಲಿತ್ತು, ಸ್ಲೈಡಿನಲ್ಲಿರಲಿಲ್ಲ.

ಆ ಅವಮಾನಕ್ಕೆ ಮುಂದಿನ ಸಲ ಎಲ್ಲವನ್ನೂ ತುರುಕಿದೆ. ಅಳೆದ ವಿಧಾನ, ಸೂತ್ರ, 22 ಸೋರುವ ಜಾಗಗಳ ಪಟ್ಟಿ, ಎಲ್ಲ 12 ಸೈಜಿನ ಅಕ್ಷರದಲ್ಲಿ. ನಾನು ಎರಡನೇ ಸಾಲು ವಿವರಿಸುತ್ತಿದ್ದೆ, ಪ್ಲಾಂಟ್ ಮ್ಯಾನೇಜರ್ ಕೊನೆಯ ಸಾಲಿನ ಬಗ್ಗೆ ಪ್ರಶ್ನೆ ಕೇಳಿದರು. ಪಕ್ಕದವರು ಕಣ್ಣು ಕಿರಿದು ಮಾಡಿ ಓದುತ್ತಲೇ ಇದ್ದರು. ಕೊನೆಗೆ ಮ್ಯಾನೇಜರ್ರೇ, “ಓದೋದಾ, ನಿಮ್ಮ ಮಾತು ಕೇಳೋದಾ, ಒಂದು ಹೇಳಿ” ಅಂದರು.

ಆ ರಾತ್ರಿ ಮೊದಲ ಸ್ಲೈಡ್ ತೆರೆದು, ಅದನ್ನು ತೋರಿಸುತ್ತಾ ನಾನು ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದೆ. ಹನ್ನೊಂದು ವಾಕ್ಯ ಬಂತು. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದು ಇಲ್ಲದಿದ್ದರೆ ಓದುವವರು ತಪ್ಪಾಗಿ ತಿಳಿಯುತ್ತಾರಾ, ಅಥವಾ ಬರೀ ಕಡಿಮೆ ತಿಳಿಯುತ್ತಾರಾ? ತಪ್ಪಾಗಿ ತಿಳಿಯುವುದಾದರೆ ಸ್ಲೈಡಿಗೆ. ಕಡಿಮೆ ತಿಳಿಯುವುದಾದರೆ ಕೆಳಗಿನ ಟಿಪ್ಪಣಿಗೆ. ಸ್ಟಾಪ್‌ವಾಚಿನ ಕಥೆ ನನಗೆ ತುಂಬಾ ಇಷ್ಟ, ಆದರೂ ಟಿಪ್ಪಣಿಗೆ ಹೋಯಿತು. ಸೂತ್ರವೂ ಅಲ್ಲಿಗೇ. 22 ಜಾಗಗಳ ಪಟ್ಟಿ ಕೊನೆಯಲ್ಲಿ ಬೇರೆ ಸ್ಲೈಡಾಯಿತು, ಅದನ್ನು ಮೀಟಿಂಗಿನಲ್ಲಿ ತೋರಿಸುವುದೇ ಇಲ್ಲ, ಬೇಕಾದವರು ನೋಡಿಕೊಳ್ಳಲಿ.

ಉಳಿದದ್ದು ಇಷ್ಟು. ಮೇಲೆ ಬರೀ ‘30% ಸೋರಿಕೆ’ ಅನ್ನುವುದರ ಬದಲು ಪೂರ್ತಿ ವಾಕ್ಯ: ‘ಗಾಳಿ ಸೋರಿಕೆಯಿಂದ ತಿಂಗಳಿಗೆ ಸುಮಾರು 27,000 ರೂಪಾಯಿ ಕರೆಂಟು ಪೋಲು’. ಕೆಳಗೆ, ‘ಕಂಪ್ರೆಸರ್ ಸಾಮರ್ಥ್ಯದ 30%, ಕಾರ್ಖಾನೆ ಬಿಲ್ಲಿನದ್ದಲ್ಲ’. ಆಮೇಲೆ, ‘ಅಳೆದದ್ದು ಒಂದು ಭಾನುವಾರ, ಮೆಷಿನ್ ನಿಂತಾಗ’. ಇದನ್ನು ಬಿಡುವ ಮನಸ್ಸಾಗಿತ್ತು. ಆದರೆ ಒಂದೇ ದಿನದ ಅಳತೆ ಅಂತ ಗೊತ್ತಾಗದಿದ್ದರೆ ವರ್ಷವಿಡೀ ನೋಡಿದ ಅಂಕಿ ಅಂದುಕೊಳ್ಳುತ್ತಾರೆ, ಅಲ್ವಾ? ಫೋಟೋ ಚಿಕ್ಕದಾಗಿ ಮೂಲೆಗೆ ಸರಿಯಿತು. ಅಕ್ಷರ 24 ಸೈಜು, ಹಿಂದಿನ ಸಾಲಿನಲ್ಲಿ ಕೂತವರಿಗೂ ಕಾಣುತ್ತದೆ.

ಕಳಿಸುವ ಮುಂಚೆ, ಮೀಟಿಂಗಿನ ಗಂಧವೇ ಇಲ್ಲದ ಸ್ಟೋರಿನ ಹುಡುಗನಿಗೆ ಕೊಟ್ಟು ಸುಮ್ಮನೆ ನಿಂತೆ. ಬಾಯಿ ಬಿಡದೆ ನಿಲ್ಲುವುದು ಕಷ್ಟ. ಓದಿ, “ಸರಿ ಸರ್, ಈಗ ಏನ್ ಮಾಡ್ಬೇಕು ಅಂತಿದೀರಾ?” ಅಂದ. ನಿಜ, ಕೇಳುವುದನ್ನೇ ಬರೆದಿರಲಿಲ್ಲ. ‘ರಿಪೇರಿಗೆ 40,000 ಮಂಜೂರಾಗಬೇಕು’ ಅನ್ನುವ ಸಾಲು ಸೇರಿತು.

ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಪವರ್‌ಪಾಯಿಂಟ್‌ನಲ್ಲಿ ಸುಮ್ನೆ ಪಿಡಿಎಫ್ ಮಾಡಿದರೆ ಬರೀ ಸ್ಲೈಡು ಬರುತ್ತದೆ, ಟಿಪ್ಪಣಿ ಬರುವುದಿಲ್ಲ. ಪ್ರಿಂಟ್ ಆಯ್ಕೆಗಳಲ್ಲಿ Notes Pages ಆರಿಸಿದರೆ ಮೇಲೆ ಸ್ಲೈಡ್, ಕೆಳಗೆ ಟಿಪ್ಪಣಿ ಬರುತ್ತದೆ. ಆದರೆ ಅರ್ಧ ಪುಟದಷ್ಟೇ ಜಾಗ, ಹಾಗಾಗಿ ಟಿಪ್ಪಣಿಯನ್ನೂ ಏಳೆಂಟು ಸಾಲಿಗೆ ಇಳಿಸಬೇಕಾಯಿತು. ಒಂದರ ಮೇಲೊಂದು ಬರುವಂತೆ ಇಟ್ಟಿದ್ದ ಆನಿಮೇಶನ್ ಚಿತ್ರಗಳು ಪಿಡಿಎಫ್‌ನಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಅವನ್ನು ಎರಡು ಸ್ಲೈಡಿಗೆ ಹಂಚಿದೆ.

ಅಕೌಂಟ್ಸ್ ಹಿರಿಯರ ಫೋನು ಈ ಸಲವೂ ಬಂತು. “40,000 ಅಂದ್ರೆ ಒಂದೂವರೆ ತಿಂಗಳಲ್ಲಿ ವಾಪಸ್ ಬರುತ್ತೆ. ಸರಿ. ಆದ್ರೆ ಒಂದೇ ಭಾನುವಾರ ಅಳೆದಿದ್ದೀಯಲ್ಲಪ್ಪಾ, ಇನ್ನೊಂದ್ಸಲ ಅಳೆದು ಕಳ್ಸು.”