ಬೀಗದೊಳಗಿನ ನಿಘಂಟು, ‘ಬಿಟ್ಟಿ ಸಲ್ಲದು’ ಎಂಬ ಶೀರ್ಷಿಕೆ

ದಾವಣಗೆರೆಯ ನಮ್ಮ ಮುದ್ರಣಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟೂ ಸಂಪುಟಗಳಿವೆ. 1970ರಿಂದ 1995ರವರೆಗೆ ಒಂದೊಂದಾಗಿ ಹೊರಬಂದ ಆ ದಪ್ಪ ಪುಸ್ತಕಗಳು ಮಾಲೀಕರ ಕುರ್ಚಿಯ ಹಿಂದಿನ ಗಾಜಿನ ಬೀರುವಿನಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳುವಂತೆ, ಬೀಗದೊಳಗೆ ಕುಳಿತಿವೆ. ಕರಡು ತಿದ್ದುವ ನನ್ನ ಮೇಜಿಗೆ ಸಿಕ್ಕಿರುವುದು ಒಂದು ಪದಕ್ಕೆ ಎರಡು ಸಮಾನಾರ್ಥಕ ಕೊಟ್ಟು ಕೈತೊಳೆದುಕೊಳ್ಳುವ ಶಾಲಾ ಪದಕೋಶ.

ಜಾತ್ರೆಯ ಹೊತ್ತಿಗೆ ಚಿತ್ರದುರ್ಗದ ಕಡೆಯ ಹಳ್ಳಿಯೊಂದರ ಸ್ಮರಣ ಸಂಚಿಕೆ ಕೈಗೆ ಬಂತು. ಊರಿನ ಮನೆಯೊಂದರಲ್ಲಿದ್ದ ಪಾಳೆಯಗಾರರ ಕಾಲದ ಕಾಗದವನ್ನು ನಿವೃತ್ತ ಮೇಷ್ಟ್ರೊಬ್ಬರು ನಕಲು ಮಾಡಿ ಲೇಖನ ಬರೆದಿದ್ದರು. ಅದರಲ್ಲಿ ಈ ಊರಿಗೆ ‘ಬಿಟ್ಟಿ ಸಲ್ಲದು, ಕಾಣಿಕೆ ಸಲ್ಲದು’ ಎಂಬ ಮಾತಿತ್ತು. ನಮ್ಮ ಮಾಲೀಕರಿಗೆ ಶೀರ್ಷಿಕೆ ಕೊಡುವ ಚಪಲ. ‘ಬಿಟ್ಟಿ ಸಲ್ಲದು: ದುಡಿದು ಉಣ್ಣಿರೆಂದ ಪಾಳೆಯಗಾರ’ ಎಂದು ಬಾಕ್ಸ್ ಹಾಕಿಸಿದರು. ನಾನು ಪದಕೋಶ ತೆರೆದೆ. ಪುಕ್ಕಟೆ, ಉಚಿತ ಎಂದಿತ್ತು. ಗುರುತು ಹಾಕಿ ಪುಟ ಬಿಟ್ಟೆ.

ಪ್ಲೇಟಿಗೆ ಹೋಗಬೇಕಾದ ಸಂಜೆ ಡಿಟಿಪಿಯ ಹುಡುಗಿ ಪರದೆಯಿಂದ ತಲೆ ಎತ್ತದೆಯೇ ಕೇಳಿದಳು: “ಅಣ್ಣಾ, ಪುಕ್ಕಟೆ ಉಣ್ಣಬೇಡಿ ಎಂದವನು ಕಾಣಿಕೆ ಕೊಟ್ಟರೂ ತಪ್ಪು ಎನ್ನುತ್ತಾನೆಯೇ?”

ಬೀರುವಿನ ಕೀಲಿ ಮಾಲೀಕರ ಜೇಬಿನಲ್ಲಿತ್ತು, ಮಾಲೀಕರು ಮದುವೆಯೊಂದರ ಊಟದಲ್ಲಿದ್ದರು. ಮಷಿನ್‌ನವನು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಅವರು ಬಂದು ಬೀಗ ತೆಗೆಯುವಷ್ಟರಲ್ಲಿ ಆ ಲೇಖನದ ಪುಟಗಳಿದ್ದ ಮೂರನೆಯ ಫಾರಂ ಬಿಟ್ಟು ಉಳಿದದ್ದೆಲ್ಲ ಅಚ್ಚಿಗೆ ಹೊರಟುಹೋಗಿತ್ತು.

ದೊಡ್ಡ ನಿಘಂಟಿನಲ್ಲಿ ಒಂದು ಪದಕ್ಕೆ ಹಲವು ಅರ್ಥಗಳಿದ್ದರೆ ಅಂಕಿ ಹಾಕಿ ಬಿಡಿಬಿಡಿಯಾಗಿ ಕೊಟ್ಟಿರುತ್ತಾರೆ. ಜೊತೆಗೆ ಕಾವ್ಯ, ಶಾಸನಗಳ ಪ್ರಯೋಗಗಳಿರುತ್ತವೆ. ನಮಗೆ ಅವಸರವಾದಾಗ ಹಾರಿಸುವುದು ಆ ಪ್ರಯೋಗಗಳನ್ನೇ, ಗೊಂದಲ ಬಿಡಿಸುವುದೂ ಅವೇ. ಬಿಟ್ಟಿ ಎಂದರೆ ಪುಕ್ಕಟೆ ಎಂಬುದು ನಿಜ. ಆದರೆ ಅದಕ್ಕಿಂತ ಹಳೆಯ ಅರ್ಥ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಅದು ಸಂಸ್ಕೃತದ ವಿಷ್ಟಿಯಿಂದ ಬಂದ ಪದ. ಮಾಲೀಕರು ವಿಷ್ಟಿ ಎಂದೊಡನೆ “ಅದು ಪಂಚಾಂಗದ ಕರಣವಲ್ಲವೇ, ಅಶುಭ” ಎಂದರು. ವರ್ಷವರ್ಷ ಕ್ಯಾಲೆಂಡರ್ ಅಚ್ಚು ಹಾಕುವವರು, ತಪ್ಪೇನಿಲ್ಲ. ವಿಷ್ಟಿ ಎಂಬ ಕರಣವೂ ಇದೆ. ಒಂದು ಪದದ ಅರ್ಥಕ್ಕಾಗಿ ಇನ್ನೊಂದು ಪದಕ್ಕೆ ಹಾರಿದಾಗ ಅಲ್ಲಿಯೂ ಆಯ್ಕೆ ಮಾಡಲೇಬೇಕು. ಮೊದಲು ಕಂಡದ್ದನ್ನು ಎತ್ತಿಕೊಂಡರೆ ಪಾಳೆಯಗಾರ ಜ್ಯೋತಿಷ್ಯ ಹೇಳತೊಡಗುತ್ತಾನೆ.

ಇಷ್ಟರಿಂದಲೂ ಕೆಲಸ ಮುಗಿಯಲಿಲ್ಲ. ‘ಬಲವಂತದ ದುಡಿಮೆ ಯೋಗ್ಯವಲ್ಲ’ ಎಂದು ಓದಿದರೆ ಪಾಳೆಯಗಾರ ಸಮಾಜ ಸುಧಾರಕನಾಗುತ್ತಾನೆ, ಕಾಣಿಕೆ ಮಾತ್ರ ಹಾಗೆಯೇ ಸಿಕ್ಕಿಹಾಕಿಕೊಂಡಿರುತ್ತದೆ. ನಾನು ಗುಮಾನಿಯನ್ನೇ ಪಡದೆ ದಾಟಿದ್ದ ಪದ ಸಲ್ಲದು. ಆ ರೂಪವನ್ನು ಹುಡುಕಿದರೆ ಸಿಗುವುದಿಲ್ಲ, ಸಲ್ಲು ಎಂಬ ಧಾತುವಿಗೆ ಹೋಗಬೇಕು. ಯೋಗ್ಯವಾಗು ಎಂಬುದು ಅದರ ಒಂದು ಅರ್ಥ. ನಾಣ್ಯ ಸಲ್ಲುವುದು, ಹಣ ಸಂದಾಯವಾಗುವುದು, ಬರಬೇಕಾದದ್ದು ಬಂದು ಸೇರುವುದು ಬೇರೆ ಅರ್ಥಗಳು. ಒಂದೊಂದನ್ನೂ ವಾಕ್ಯದೊಳಗೆ ಪದದ ಜಾಗದಲ್ಲಿ ಕೂರಿಸಿ, ಗಟ್ಟಿಯಾಗಿ ಓದುತ್ತ ಹೋದೆವು. ಕಾಣಿಕೆಗೂ ಹೀಗೆಯೇ ಮಾಡಿದೆವು: ದೇವರ ಹುಂಡಿಯ ಕಾಣಿಕೆ ಇಲ್ಲಿ ಕೂರುವುದಿಲ್ಲ, ಆಳುವವನಿಗೆ ಪ್ರಜೆಗಳು ಒಪ್ಪಿಸಬೇಕಿದ್ದ ಕಾಣಿಕೆ ಕೂರುತ್ತದೆ. ಮೂರೂ ಒಟ್ಟಿಗೆ ಹೊಂದಿಕೊಂಡದ್ದು ಒಂದೇ ಓದಿನಲ್ಲಿ: ಈ ಊರಿನವರು ಬಿಟ್ಟಿ ದುಡಿಮೆ ಮಾಡಬೇಕಾಗಿಲ್ಲ, ಕಾಣಿಕೆ ತೆರಬೇಕಾಗಿಲ್ಲ. ಅಂದರೆ ಅದು ಉಪದೇಶವಲ್ಲ, ವಿನಾಯಿತಿ. ನಮ್ಮ ಶೀರ್ಷಿಕೆ ಊರಿಗೆ ಸಿಕ್ಕ ರಿಯಾಯಿತಿಯನ್ನು ಊರಿಗೆ ಹಾಕಿದ ಬೈಗುಳವನ್ನಾಗಿ ಮಾಡಿತ್ತು.

ಒಂದು ಪದವನ್ನಷ್ಟೇ ಹಿಡಿದು ನಿಘಂಟು ನೋಡಿದರೆ ಇದು ತಿಳಿಯುತ್ತಿರಲಿಲ್ಲ. ಪಕ್ಕದ ಪದ ಎಲ್ಲಿ ತಕರಾರು ಮಾಡುತ್ತದೆಯೋ ಅಲ್ಲಿ ನಾವು ಆರಿಸಿದ ಅರ್ಥ ತಪ್ಪಿದೆ ಎಂದೇ ತಿಳಿಯಬೇಕು. ಆ ಹುಡುಗಿ ನಿಘಂಟು ಮುಟ್ಟದೆಯೇ ಅದನ್ನು ಹಿಡಿದಿದ್ದಳು.

ಮೇಷ್ಟ್ರಿಗೆ ಫೋನ್ ಮಾಡಿದೆ. “ನಾನು ಬರೆದದ್ದು ವಿನಾಯಿತಿ ಎಂದೇ, ಒಳಗೆ ಓದಿ ನೋಡಿ. ಮೇಲಿನ ಬಾಕ್ಸ್ ನಿಮ್ಮದು” ಎಂದರು. ಓದಿದೆ, ಲೇಖನದ ನಾಲ್ಕನೆಯ ಪ್ಯಾರಾದಲ್ಲಿ ಸ್ಪಷ್ಟವಾಗಿಯೇ ಇತ್ತು. ಮೂರನೆಯ ಫಾರಂ ಮರುದಿನಕ್ಕೆ ಹೋಯಿತು, ಮಷಿನ್‌ನವನ ಓಟಿಯ ಬಗ್ಗೆ ಮಾಲೀಕರು ಇನ್ನೂ ಗೊಣಗುತ್ತಿದ್ದಾರೆ. ಬಾಕ್ಸ್ ತೆಗೆದ ಜಾಗಕ್ಕೆ ಮಾತ್ರ ಅಡಿಕೆ ಮಂಡಿಯೊಂದರ ಜಾಹೀರಾತು ತಂದು ಕೂರಿಸಿ, ಅದಕ್ಕೆ ಬೇರೆ ಬಿಲ್ ಬರೆದರು.