ಅವಧಿಗೆ ಮೊದಲೇ ಇಂಟರ್ನ್‌ಶಿಪ್ ಬಿಡುವಾಗ ನಾನು ಬರೆದ ಪತ್ರ

ಮಾರಾಟದ ದತ್ತಾಂಶವನ್ನು ಶುದ್ಧಗೊಳಿಸಿ, ವಿಶ್ಲೇಷಿಸಿ, ವಾರದ ವರದಿ ಸಿದ್ಧಪಡಿಸುವುದು ನನ್ನ ಕೆಲಸವೆಂದು ಆಫರ್ ಲೆಟರ್‌ನಲ್ಲಿ ನಮೂದಿಸಿದ್ದರು. ಸೇರಿದ ಮೇಲೆ ನನಗೆ ಸಿಕ್ಕಿದ್ದು ದೂರವಾಣಿ ಸಂಖ್ಯೆಗಳ ಒಂದು ಎಕ್ಸೆಲ್ ಪಟ್ಟಿ. ಒಬ್ಬೊಬ್ಬರಿಗೂ ಕರೆ ಮಾಡಿ, ಅವರ ಹೆಸರಿನ ಮುಂದೆ ‘ಆಸಕ್ತಿ ಇದೆ’ ಅಥವಾ ‘ಆಸಕ್ತಿ ಇಲ್ಲ’ ಎಂದು ತುಂಬಬೇಕಿತ್ತು. ಆರಂಭದಲ್ಲಿ ಇಂಥ ಕೆಲಸ ಕೊಡುವುದು ಅಸಹಜವೇನಲ್ಲ. ಆದರೆ ದತ್ತಾಂಶವನ್ನು ನೋಡುವ ಅನುಮತಿಯಾಗಲಿ, ಕಲಿಸುವ ಮಾರ್ಗದರ್ಶಕರಾಗಲಿ, ಕೆಲಸ ಬದಲಾಗುವ ದಿನಾಂಕವಾಗಲಿ ಇಲ್ಲದಿದ್ದರೆ ಅದು ತಾತ್ಕಾಲಿಕವಲ್ಲವೆಂದು ತಿಳಿಯಬೇಕು. ಈ ಮೂರನ್ನೂ ನಾನು ಇಮೇಲ್‌ನಲ್ಲಿ ಕೇಳಿದೆ. ವಿಶ್ಲೇಷಣಾ ತಂಡದಲ್ಲಿ ಸದ್ಯಕ್ಕೆ ಕೆಲಸವಿಲ್ಲ, ಕರೆಗಳನ್ನೇ ಮುಂದುವರಿಸಿ ಎಂಬ ಉತ್ತರ ಬಂತು.

ರಾಜೀನಾಮೆ ಬರೆಯುವ ಮೊದಲು ಆಫರ್ ಲೆಟರನ್ನು ಮತ್ತೊಮ್ಮೆ ಓದಿದೆ. ‘ಸಂಸ್ಥೆಯು ವಹಿಸುವ ಇತರ ಕೆಲಸಗಳು’ ಎಂಬ ಸಾಲು ಅದರಲ್ಲಿತ್ತು. ಇಂಥ ಸಾಲು ಇರುವಾಗ ಒಪ್ಪಂದ ಮುರಿದಿರಿ ಎಂದು ಆರೋಪಿಸಿದರೆ ಮಾತು ವಾದಕ್ಕೆ ತಿರುಗುತ್ತದೆಯೇ ಹೊರತು ಬಿಡುಗಡೆ ಸುಲಭವಾಗುವುದಿಲ್ಲ. ಹದಿನೈದು ದಿನಗಳ ನೋಟಿಸ್ ಕೊಡಬೇಕೆಂಬ ಷರತ್ತೂ ಇತ್ತು. ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರೆ ದಾಖಲೆಯಲ್ಲಿ ಗೈರುಹಾಜರಿ ಎಂದು ಉಳಿಯಬಹುದು, ಪ್ರಮಾಣಪತ್ರವೂ ಕೈತಪ್ಪಬಹುದು. ಇಂಟರ್ನ್‌ಶಿಪ್‌ಗೆ ಅಂಕಗಳಿದ್ದುದರಿಂದ ಕಾಲೇಜಿನ ಮಾರ್ಗದರ್ಶಕರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಈ ಪತ್ರ ಕಳುಹಿಸಿದೆ:

“ಮಾನ್ಯರೇ,
ಆಫರ್ ಲೆಟರ್‌ನಲ್ಲಿ ತಿಳಿಸಿದ್ದ ದತ್ತಾಂಶ ವಿಶ್ಲೇಷಣೆಯನ್ನು ಕಲಿಯುವ ಉದ್ದೇಶದಿಂದ ನಾನು ಈ ಇಂಟರ್ನ್‌ಶಿಪ್‌ಗೆ ಸೇರಿದ್ದೆ. ಇದುವರೆಗೆ ನನಗೆ ವಹಿಸಿರುವುದು ಗ್ರಾಹಕರಿಗೆ ಕರೆ ಮಾಡುವ ಕೆಲಸ ಮಾತ್ರ. ಸದ್ಯಕ್ಕೆ ಅದು ಬದಲಾಗುವುದಿಲ್ಲವೆಂದು ತಾವು ಇಮೇಲ್‌ನಲ್ಲಿ ತಿಳಿಸಿರುವುದರಿಂದ, ಇಂದಿನಿಂದ ಹದಿನೈದು ದಿನಗಳ ನೋಟಿಸ್ ನೀಡಿ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಕರೆಗಳ ಪಟ್ಟಿಯನ್ನೂ ಮತ್ತೆ ಕರೆ ಮಾಡಬೇಕಾದವರ ವಿವರವನ್ನೂ ಅಷ್ಟರೊಳಗೆ ಒಪ್ಪಿಸುತ್ತೇನೆ. ಬಾಕಿ ಸ್ಟೈಪೆಂಡ್, ಬಿಡುಗಡೆ ಪತ್ರ ಹಾಗೂ ನಾನು ಮಾಡಿದ ಕೆಲಸವನ್ನು ನಮೂದಿಸಿದ ಪ್ರಮಾಣಪತ್ರವನ್ನು ನೀಡಬೇಕೆಂದು ವಿನಂತಿಸುತ್ತೇನೆ.”

ಪತ್ರದಲ್ಲಿ ಬೇಸರದ ಮಾತುಗಳನ್ನು ಬೇಕೆಂದೇ ಸೇರಿಸಲಿಲ್ಲ. ನನ್ನ ಇಮೇಲನ್ನೂ ಅವರ ಉತ್ತರವನ್ನೂ ಲಗತ್ತಿಸಿದ್ದೆ; ಕಾರಣ ತಿಳಿಸಲು ಅವೇ ಸಾಕಾಗಿದ್ದವು. ವ್ಯವಸ್ಥಾಪಕರು ಇನ್ನೊಂದು ತಿಂಗಳು ಇರುವಂತೆ ಕೇಳಿದರು. ವಿಶ್ಲೇಷಣಾ ಕೆಲಸ ಆರಂಭವಾಗುವ ದಿನಾಂಕವನ್ನು ಬರೆದುಕೊಡುವುದಾದರೆ ಇರುತ್ತೇನೆ ಎಂದೆ. ಅದನ್ನು ಅವರು ಕೊಡಲಿಲ್ಲ, ನಾನೂ ನಿರ್ಧಾರ ಬದಲಿಸಲಿಲ್ಲ.

ಕೊನೆಗೆ ಬಂದ ಪ್ರಮಾಣಪತ್ರದಲ್ಲಿ ‘ದತ್ತಾಂಶ ವಿಶ್ಲೇಷಣೆಯಲ್ಲಿ ತರಬೇತಿ ಪಡೆದಿದ್ದಾರೆ’ ಎಂದಿತ್ತು. ಅದನ್ನು ಹಾಗೆಯೇ ಇಟ್ಟುಕೊಳ್ಳುವಂತೆ ಕೆಲವರು ಹೇಳಿದರೂ, ಮುಂದಿನ ಸಂದರ್ಶನದಲ್ಲಿ ಯಾವ ವರದಿ ಸಿದ್ಧಪಡಿಸಿದಿರಿ ಎಂದು ಕೇಳಿದರೆ ತೋರಿಸಲು ನನ್ನಲ್ಲಿ ಒಂದೂ ಇರಲಿಲ್ಲ. ತಿದ್ದುಪಡಿ ಕೋರಿ ಹಿಂದಿರುಗಿಸಿದೆ. ‘ಗ್ರಾಹಕರ ಸಂಪರ್ಕ ಮತ್ತು ಮಾಹಿತಿ ದಾಖಲಾತಿ’ ಎಂದು ಬದಲಿಸಿ ಕಳುಹಿಸಿದರು.